‘ತಿಥಿಗೆ ನಾನು ಕೂರಲ್ಲ’ ಅಂತ ಅಮ್ಮನಿಗೆ ಹೇಳುವುದು ಹೇಗೆ?

ಪ್ರಶ್ನೆ: ನನಗೆ 39 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಪ್ಪ ಹೋಗಿ ಐದು ವರ್ಷ ಆಯಿತು. ಹಿರಿಮಗ ನಾನೇ, ಹಾಗಾಗಿ ಪ್ರತಿ ಕಾರ್ತಿಕದಲ್ಲಿ ಹಾಸನಕ್ಕೆ ಹೋಗಿ ತಿಥಿಗೆ ಕೂರುತ್ತೇನೆ. ನನಗೆ ಇದರಲ್ಲಿ ನಂಬಿಕೆ ಹೋಗಿ ಬಹಳ ವರ್ಷಗಳಾದವು. ಪಿಂಡ ಇಡುವಾಗ ನಾಟಕ ಆಡುತ್ತಿದ್ದೇನೆ ಅನಿಸುತ್ತದೆ. ಊರಲ್ಲಿ ಅಮ್ಮ ಇದ್ದಾರೆ, 70 ವರ್ಷ. ಪಕ್ಕದ ಮನೆಯಲ್ಲೇ ಚಿಕ್ಕಪ್ಪ. ತಮ್ಮ ಪುಣೆಯಲ್ಲಿ, ತಂಗಿ ತುಮಕೂರಿನಲ್ಲಿ. ಈ ವರ್ಷದ ತಿಥಿ ಈಗಷ್ಟೇ ಮುಗಿಯಿತು. ಇನ್ನು ಮುಂದೆ ನಾನು ಕೂರಲ್ಲ ಅಂತ ಅಮ್ಮನ ಮನಸ್ಸು ನೋಯಿಸದೆ ಹೇಳುವುದು ಹೇಗೆ?

ಉತ್ತರ: ಸ್ವಲ್ಪವೂ ನೋಯಿಸದೆ ಹೇಳಲು ಆಗುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡಿ. ಆದರೆ ಇಂಥ ಮಾತಿನಲ್ಲಿ ಎರಡು ಥರದ ನೋವು ಇರುತ್ತದೆ. ಒಂದು, ಮಗ ಬೇರೆ ದಾರಿ ಹಿಡಿದ ಅನ್ನುವ ನೋವು. ಅದು ಬಂದೇ ಬರುತ್ತದೆ, ನಿಧಾನವಾಗಿ ಇಳಿಯುತ್ತದೆ. ಇನ್ನೊಂದು, ನಾವು ಹೇಳಿದ ರೀತಿಯಿಂದ, ಹೇಳಿದ ಹೊತ್ತಿನಿಂದ ಆಗುವ ನೋವು. ಕುಟುಂಬಗಳ ಜಗಳ ಕೇಳುತ್ತಾ ಕೂತ ಇಷ್ಟು ವರ್ಷಗಳಲ್ಲಿ ನಾನು ನೋಡಿದ ಹಾಗೆ, ಮನೆ ಒಡೆಯುವುದು ಈ ಎರಡನೆಯದರಿಂದಲೇ ಜಾಸ್ತಿ.

ಇದನ್ನು ನಾನು ಬರೀ ಕೇಳಿ ಕಲಿತಿದ್ದಲ್ಲ. 1998ರಲ್ಲಿ ನಾನೂ ಇದೇ ಮಾತನ್ನು ನನ್ನ ಅಮ್ಮನಿಗೆ ಹೇಳಿದ್ದೆ. ಹೇಳಿದ್ದು ಎಸ್‌ಟಿಡಿ ಬೂತಿನಿಂದ. ಅಪ್ಪನ ತಿಥಿಗೆ ಮೂರೇ ದಿನ ಉಳಿದಿತ್ತು. ಕೆಂಪು ಅಂಕಿಗಳ ಮೀಟರ್ ಓಡುತ್ತಿತ್ತು. ನಾನು ಮನಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದ ಭಾಷಣ ಒಪ್ಪಿಸಿದೆ. ಸತ್ತವರು ಬಂದು ಊಟ ಮಾಡುತ್ತಾರಾ, ಕಾಗೆ ತಿಂದರೆ ಅಪ್ಪನಿಗೆ ಹೇಗೆ ಸೇರುತ್ತದೆ, ಇತ್ಯಾದಿ. ಅಮ್ಮ ಕೇಳಿದ್ದು ಒಂದೇ. ‘ಬ್ರಾಹ್ಮಣಾರ್ಥಕ್ಕೆ ಹೇಳಿ ಆಗಿದೆಯಲ್ಲೋ?’ ಆಮೇಲೆ ‘ಆಯ್ತಪ್ಪ’ ಅಂತ ಫೋನ್ ಇಟ್ಟಳು.

ಎರಡು ವಾರದ ಮೇಲೆ ಊರಿನ ಕಡೆಯವರೊಬ್ಬರು ನನ್ನ ರೂಮಿಗೆ ಬಂದು ಒಂದು ಪೊಟ್ಟಣ ಕೊಟ್ಟರು. ನೋಡಿದರೆ ಒಣಗಿಸಿದ ನೆಲನೆಲ್ಲಿ. ‘ಈಗ ಹೇಗಿದೆ ಕಾಮಾಲೆ?’ ಅಂದರು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಮಗ ಬರಲ್ಲ ಅಂದ ಅಂತ ಹೇಳಲು ಬಾಯಿ ಬರದೆ, ಅಮ್ಮ ಪುರೋಹಿತರಿಗೂ ನೆಂಟರಿಗೂ ನನಗೆ ಕಾಮಾಲೆ ಅಂತ ಹೇಳಿದ್ದಳು. ಸುಳ್ಳು ಹೇಳುವುದು ಬೇಡ ಅಂತ ನಾನು ತಿಥಿ ಬಿಟ್ಟೆ. ನನ್ನ ಪಾಲಿನ ಸುಳ್ಳನ್ನು ಅವಳ ಕೈಲಿ ಹೇಳಿಸಿದೆ. ನಾನು ತಿಥಿಗೆ ಕೂರಲಿಲ್ಲ ಅನ್ನುವುದನ್ನು ಅವಳು ಮರೆತಳೋ ಏನೋ. ಆ ಕಾಮಾಲೆಯನ್ನಂತೂ ಮರೆಯಲಿಲ್ಲ.

ನಿಮ್ಮ ಕೈಯಲ್ಲಿ ನನಗೆ ಇಲ್ಲದ ಒಂದು ವಸ್ತು ಇದೆ. ಅದು ಸಮಯ. ಈ ವರ್ಷದ್ದು ಈಗಷ್ಟೇ ಮುಗಿದಿದೆ. ಮುಂದಿನ ಕಾರ್ತಿಕಕ್ಕೆ ಹನ್ನೊಂದು ತಿಂಗಳಿದೆ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಅಮ್ಮನ ಹತ್ತಿರ ಹೋಗುವ ಮುಂಚೆ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ದಿನದಲ್ಲಿ ನಿಮಗೆ ಆಗದೇ ಇರುವುದು ನಿಖರವಾಗಿ ಯಾವುದು? ತಿಥಿ ಅಂದರೆ ಒಂದೇ ಕೆಲಸ ಅಲ್ಲ. ಬೆಳಗ್ಗೆ ಸ್ನಾನ ಮಾಡಿ ಮಡಿಯುಟ್ಟು, ಏನೂ ತಿನ್ನದೆ ಇರುವುದು ಒಂದು. ವಿಶ್ವೇದೇವರ ಸ್ಥಾನಕ್ಕೂ ಪಿತೃಸ್ಥಾನಕ್ಕೂ ಕೂತ ಬ್ರಾಹ್ಮಣರ ಕಾಲು ತೊಳೆದು, ಬಡಿಸಿ, ಅವರಿಗೆ ತೃಪ್ತಿಯಾಯಿತಾ ಅಂತ ಕೇಳುವುದು ಒಂದು. ಜನಿವಾರವನ್ನು ಬಲಭುಜಕ್ಕೆ ಹಾಕಿಕೊಂಡು, ದರ್ಭೆಯ ಮೇಲೆ ಮೂರು ಪಿಂಡ ಇಟ್ಟು, ಅಪ್ಪ, ತಾತ, ಮುತ್ತಾತನ ಹೆಸರನ್ನು ಗೋತ್ರ ಸಮೇತ ಹೇಳಿ ಎಳ್ಳುನೀರು ಬಿಡುವುದು ಒಂದು. ಕೊನೆಗೆ ಎಲ್ಲರೂ ಸಾಲಾಗಿ ಕೂತು ವಡೆ, ಪಾಯಸದ ಊಟ ಮಾಡುತ್ತಾ ಹೋದವರ ಮಾತಾಡುವುದು ಇನ್ನೊಂದು.

ನಿಮ್ಮ ಪತ್ರ ನೋಡಿದರೆ ನಿಮಗೆ ಆಗದೇ ಇರುವುದು ನಡುವಿನ ಭಾಗ. ಅಂದರೆ ಕರ್ತೃವಾಗಿ ಕೂರುವುದು, ಒಪ್ಪದ ಮಾತನ್ನು ನಿಮ್ಮ ಬಾಯಲ್ಲಿ ಹೇಳುವುದು. ಊಟ ಬೇಡ ಅಂತ ನೀವು ಬರೆದಿಲ್ಲ. ಅಪ್ಪನ ನೆನಪು ಬೇಡ ಅಂತಲೂ ಬರೆದಿಲ್ಲ. ಹಾಗಿದ್ದರೆ ಬೇಡ ಅನ್ನುವುದನ್ನು ಅಷ್ಟಕ್ಕೇ ನಿಲ್ಲಿಸಿ. ‘ತಿಥಿ ಬೇಡ’ ಅನ್ನುವುದು ಬೇರೆ, ‘ತಿಥಿಗೆ ನಾನು ಕೂರಲ್ಲ’ ಅನ್ನುವುದು ಬೇರೆ. ಮೊದಲನೆಯದರಲ್ಲಿ ನೀವು ಅಮ್ಮನ ಮನೆಯ ಕಾರ್ಯವನ್ನೇ ನಿಲ್ಲಿಸುತ್ತೀರಿ. ಆ ಹಕ್ಕು ನಿಮಗೆ ಇಲ್ಲ. ಎರಡನೆಯದರಲ್ಲಿ ನಿಮ್ಮ ಜಾಗ ಮಾತ್ರ ಬಿಡುತ್ತೀರಿ.

ಈಗ ಇದನ್ನೇ ಅಮ್ಮನ ಕಡೆಯಿಂದ ನೋಡಿ. ಎಪ್ಪತ್ತು ವರ್ಷದ ಹೆಂಗಸರಲ್ಲಿ ಬಹಳ ಜನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ‘ನಿಮ್ಮ ತಂದೆ’, ‘ಇವರು’, ‘ನಮ್ಮನೆಯವರು’ ಅಂತಲೇ ಬದುಕು ಕಳೆದಿರುತ್ತಾರೆ. ವರ್ಷಕ್ಕೊಮ್ಮೆ ಆ ಮನೆಯ ನಡುಮನೆಯಲ್ಲಿ ಆ ಹೆಸರು ಗಟ್ಟಿಯಾಗಿ ಕೇಳಿಸುತ್ತದೆ, ಅದೂ ಮಗನ ದನಿಯಲ್ಲಿ. ಅಡುಗೆಮನೆಯ ಬಾಗಿಲ ಹತ್ತಿರ ನಿಂತು ಅದನ್ನು ಕೇಳಿಸಿಕೊಳ್ಳುವ ಅಮ್ಮಂದಿರನ್ನು ನಾನು ನೋಡಿದ್ದೇನೆ. ನೀವು ನಾಟಕ ಅಂದುಕೊಂಡ ಹೊತ್ತು ಅವರಿಗೆ ಅದಾಗಿರಬಹುದು. ಇದನ್ನು ಹೇಳಿದ್ದು ನೀವು ಮನಸ್ಸು ಬದಲಾಯಿಸಲಿ ಅಂತಲ್ಲ. ನೀವು ಬಿಟ್ಟರೆ ಅವರ ಕೈಯಿಂದ ಹೋಗುವುದು ಏನು ಅಂತ ಗೊತ್ತಿರಲಿ ಅಂತ.

ಮೊದಲ ಮಾತು ತಮ್ಮನ ಜೊತೆ. ಅಮ್ಮನಿಗೆ ‘ನಾನು ಕೂರಲ್ಲ’ ಅಂದ ತಕ್ಷಣ ಅವರು ಕೇಳುವುದು ‘ಮತ್ತೆ ಯಾರು?’ ಅಂತ. ಆಗ ನಿಮ್ಮ ಹತ್ತಿರ ಉತ್ತರ ಇರಬೇಕು. ಇಲ್ಲವಾದರೆ ನೀವು ಮಾತು ಹೇಳಿ ಬೆಂಗಳೂರಿನ ಬಸ್ಸು ಹತ್ತುತ್ತೀರಿ, ಅವರು ರಾತ್ರಿಯೆಲ್ಲಾ ಅದೇ ಯೋಚನೆಯಲ್ಲಿ ಇರುತ್ತಾರೆ.

ಕಿರಿಮಗ ಮಾಡಬಹುದಾ? ಮಾಡಬಹುದು. ಅಣ್ಣತಮ್ಮಂದಿರು ಒಟ್ಟಿಗೆ ಇರುವ ಮನೆಯಲ್ಲಿ ಹಿರಿಯವನು ಎಲ್ಲರ ಪರವಾಗಿ ಮಾಡುತ್ತಾನೆ, ಬೇರೆ ಬೇರೆ ಒಲೆ ಹೂಡಿದ ಮೇಲೆ ಅವರವರು ಮಾಡಿಕೊಳ್ಳುತ್ತಾರೆ ಅನ್ನುವುದು ಹಳೆಯ ಕ್ರಮವೇ. ನೀವು ಬೆಂಗಳೂರು, ತಮ್ಮ ಪುಣೆ, ಸಂಸಾರ ಬೇರೆಯಾಗಿದೆ. ಹಾಗಾಗಿ ತಮ್ಮ ಹಾಸನಕ್ಕೆ ಬಂದು ಕೂತರೆ ಹೆಚ್ಚಿನ ಪುರೋಹಿತರು ಬೇಡ ಅನ್ನುವುದಿಲ್ಲ. ‘ಹಿರಿಯವನು ಇದ್ದೂ ಕಿರಿಯವನು ಕೂತ’ ಅನ್ನುವ ಮಾತು ನೆಂಟರಲ್ಲಿ ಬರುತ್ತದೆ, ಶಾಸ್ತ್ರದ ಅಡ್ಡಿ ಅಷ್ಟಾಗಿ ಬರುವುದಿಲ್ಲ.

ಆದರೆ ತಮ್ಮನಿಗೆ ಫೋನ್ ಮಾಡಿ ‘ಇನ್ನು ಮೇಲೆ ನೀನು ನೋಡ್ಕೋ’ ಅಂತ ತಳ್ಳಬೇಡಿ. ಅವನಿಗೂ ನಂಬಿಕೆ ಇಲ್ಲದೆ ಇರಬಹುದು. ಅಣ್ಣ ಇದ್ದಾನಲ್ಲ ಅಂತ ಸುಮ್ನೆ ಇದ್ದಿರಬಹುದು. ನಾನು ಕಂಡ ಒಂದು ಮನೆಯಲ್ಲಿ ಹಾಗೇ ಆಯಿತು. ಅಣ್ಣ ಬಿಟ್ಟ, ತಮ್ಮ ಬಾಯಿ ಬಿಡಲಾರದೆ ಒಪ್ಪಿದ, ಮೂರನೇ ವರ್ಷ ಅಮ್ಮನ ಎದುರಿಗೇ ಸಿಟ್ಟು ಹೊರಬಂತು. ‘ನೀನು ದೊಡ್ಡ ವಿಚಾರವಂತ, ನಾನು ನಿನ್ನ ಬದಲಿ ಕೂಲಿ’ ಅಂದ. ತಮ್ಮ ಒಪ್ಪದಿದ್ದರೆ ಅವನು ಒಪ್ಪಲಿಲ್ಲ, ಅಷ್ಟೇ. ಅದನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ತಮ್ಮನ ಜೊತೆ ಅಡುಗೆಯ ಮಾತೂ ಆಗಲೇಬೇಕು. ಗಂಡಸರು ಇದನ್ನು ಮರೆತೇ ಮರೆಯುತ್ತಾರೆ. ಕರ್ತೃ ಬದಲಾದರೆ ಬರೀ ಕೂರುವವನು ಬದಲಾಗುವುದಿಲ್ಲ, ಮಡಿಯಲ್ಲಿ ಅಡುಗೆ ಮಾಡುವವರೂ ಬದಲಾಗುತ್ತಾರೆ. ಇಷ್ಟು ವರ್ಷ ನಿಮ್ಮ ಹೆಂಡತಿ ಬೆಳಗಿನ ಜಾವ ಎದ್ದು ಅತ್ತೆಯ ಜೊತೆ ಮಾಡುತ್ತಿದ್ದರು ಅಂತಿಟ್ಟುಕೊಳ್ಳಿ. ಇನ್ನು ಮೇಲೆ ಅದು ತಮ್ಮನ ಹೆಂಡತಿಯ ತಲೆಗೆ ಬರುತ್ತದೆ. ನಿಮ್ಮ ಮನಸ್ಸಾಕ್ಷಿ ಹಗುರ ಆಗುವುದು ಅವರ ಬೆನ್ನಿನ ಖರ್ಚಿನಲ್ಲಿ ಆಗಬಾರದು. ಹಾಸನದಂಥ ಊರಲ್ಲಿ ಮಡಿ ಅಡುಗೆ ಮಾಡುವವರು ಸಿಗುತ್ತಾರೆ. ಅವರನ್ನು ಗೊತ್ತು ಮಾಡುವುದು, ಅವರ ಸಂಬಳ, ತಮ್ಮ ಬಂದು ಹೋಗುವ ಖರ್ಚಿನಲ್ಲಿ ಒಂದು ಪಾಲು, ಇವನ್ನು ನೀವು ವಹಿಸಿಕೊಳ್ಳಿ. ಇದು ಅಣ್ಣತಮ್ಮಂದಿರ ನಡುವೆಯೇ ಇರಲಿ. ಅಮ್ಮನ ಮುಂದೆ ‘ದುಡ್ಡು ನಾನು ಕೊಡ್ತೀನಿ’ ಅಂದರೆ ಅಪ್ಪನ ಋಣವನ್ನು ದುಡ್ಡಲ್ಲಿ ಕಳೆದುಕೊಳ್ಳುತ್ತಿದ್ದಾನೆ ಅಂತಲೇ ಅವರಿಗೆ ಕೇಳಿಸುವುದು.

ತಮ್ಮ ಆಗಲ್ಲ ಅಂದರೆ? ಆಗಲೂ ದಾರಿ ಇದೆ. ಅಮ್ಮನೇ ದರ್ಭೆ ಕೊಟ್ಟು, ತನ್ನ ಪರವಾಗಿ ಬೇರೆಯವರ ಕೈಲಿ ಮಾಡಿಸುವ ರೂಢಿ ಇದೆ. ಮಗಳ ಮಗನಿಗೂ ಶ್ರಾದ್ಧದಲ್ಲಿ ದೊಡ್ಡ ಸ್ಥಾನ ಇದೆ. ತಂಗಿಯ ಮಗನಿಗೆ ಉಪನಯನ ಆಗಿದ್ದು, ಅವನಿಗೆ ಮನಸ್ಸಿದ್ದರೆ ಅದನ್ನೂ ಕೇಳಬಹುದು. ಇದರಲ್ಲಿ ಯಾವುದು ನಡೆಯುತ್ತದೆ ಅನ್ನುವುದು ಮನೆಯಿಂದ ಮನೆಗೆ ಬೇರೆ. ನಿಮ್ಮ ಮನೆಯ ಪುರೋಹಿತರ ಮಾತೇ ಅಲ್ಲಿ ಕೊನೆ.

ಇಲ್ಲಿ ಒಂದು ಎಚ್ಚರಿಕೆ. ಸಣ್ಣದಾಗಿಸುವ ದಾರಿಗಳು ಬಹಳ ಇವೆ. ಪಿಂಡ ಇಲ್ಲದ ಸಂಕಲ್ಪ ಶ್ರಾದ್ಧ ಇದೆ. ಅಕ್ಕಿ, ಬೇಳೆ, ತರಕಾರಿ ಹಸಿಯಾಗಿಯೇ ಕೊಡುವ ಆಮಶ್ರಾದ್ಧ ಇದೆ. ದಕ್ಷಿಣೆಯಲ್ಲೇ ಮುಗಿಸುವ ಹಿರಣ್ಯ ಶ್ರಾದ್ಧ ಇದೆ. ಬರೀ ತಿಲತರ್ಪಣ ಬಿಡುವುದೂ ಇದೆ. ವಿಷ್ಣುಪುರಾಣದಲ್ಲಂತೂ ಏನೂ ಇಲ್ಲದವನು ಹಸುವಿಗೆ ಒಂದು ಹಿಡಿ ಹುಲ್ಲು ಹಾಕಲಿ, ಅದೂ ಆಗದಿದ್ದರೆ ಕಾಡಿಗೆ ಹೋಗಿ ಎರಡೂ ಕೈ ಎತ್ತಿ ‘ನನ್ನ ಹತ್ತಿರ ಏನೂ ಇಲ್ಲ, ನನ್ನ ಭಕ್ತಿಯಿಂದಲೇ ತೃಪ್ತರಾಗಿ’ ಅಂತ ಪಿತೃಗಳಿಗೆ ಹೇಳಲಿ ಅನ್ನುವವರೆಗೂ ಇಳಿದು ಬಂದಿದ್ದಾರೆ. ನನಗೆ ಬಹಳ ಇಷ್ಟವಾದ ಜಾಗ ಅದು. ಆದರೆ ಇವೆಲ್ಲ ಆಗದವರಿಗೆ ಇರುವ ರಿಯಾಯಿತಿ, ಬೇಡವಾದವರಿಗೆ ಅಲ್ಲ. ಕೈ ಎತ್ತುವ ಆ ಬಡವನಿಗೂ ಭಕ್ತಿ ಇದೆ.

ಈ ವರ್ಷ ರಜೆ ಇಲ್ಲ ಅಂತ ಸಂಕಲ್ಪ, ಮುಂದಿನ ವರ್ಷ ಪ್ರಾಜೆಕ್ಟ್ ಇದೆ ಅಂತ ಹಿರಣ್ಯ, ಅದರಾಚೆಗೆ ತರ್ಪಣ, ಆಮೇಲೆ ಏನೂ ಇಲ್ಲ. ಹೀಗೆ ಮೆತ್ತಗೆ ಜಾರಿಕೊಳ್ಳುವವರು ಬಹಳ ಜನ. ನೋವಾಗಬಾರದು ಅಂತಲೇ ಹೀಗೆ ಮಾಡುತ್ತಾರೆ. ಆದರೆ ಅಮ್ಮಂದಿರಿಗೆ ಎರಡನೇ ವರ್ಷಕ್ಕೇ ಗೊತ್ತಾಗಿರುತ್ತದೆ. ಗೊತ್ತಾದರೂ ಕೇಳುವ ಹಾಗಿಲ್ಲ, ಯಾಕೆಂದರೆ ನೀವು ಹೇಳಿಲ್ಲ. ಚಿಕ್ಕಪ್ಪ ಇದರ ಇನ್ನೊಂದು ರೂಪ ತರಬಹುದು. ‘ಒಂದು ಸಲ ಗಯಾಕ್ಕೆ ಹೋಗಿ ಮಾಡಿಬಿಡು, ಆಮೇಲೆ ವರ್ಷ ವರ್ಷ ಬೇಡ.’ ಜನರಲ್ಲಿ ಹೀಗೊಂದು ಮಾತಿದೆ, ವೈದಿಕರು ಬಹಳ ಜನ ಒಪ್ಪುವುದಿಲ್ಲ. ಗಯಾಕ್ಕೆ ಹೋಗಿ ಬಂದಮೇಲೂ ಪುರೋಹಿತರು ಪಂಚಾಂಗ ಹಿಡಿದು ಬರುತ್ತಾರೆ. ನೀವು ನಂಬದ ಕೆಲಸವನ್ನು ತಪ್ಪಿಸಿಕೊಳ್ಳಲು ನಂಬದ ಇನ್ನೊಂದು ಕೆಲಸ ಮಾಡಿದ ಹಾಗಾಯಿತು, ಅಲ್ವಾ?

ಇನ್ನು ಯಾವಾಗ ಹೇಳುವುದು. ಯುಗಾದಿಗೆ ಮುಂಚೆ. ಹೊಸ ಪಂಚಾಂಗ ಮನೆಗೆ ಬಂದ ಕೂಡಲೇ ಅಮ್ಮಂದಿರು ಮೊದಲು ಹುಡುಕುವುದು ತಿಥಿಯ ದಿನವನ್ನು. ನಿಮ್ಮಮ್ಮನ ಒಂಟಿಕೊಪ್ಪಲ್ ಪಂಚಾಂಗವನ್ನು ತೆಗೆದು ನೋಡಿ, ಕಾರ್ತಿಕ ಬಹುಳದ ಪುಟದಲ್ಲಿ ಪೆನ್ನಿನ ಗುರುತೋ, ಮಡಚಿದ ಮೂಲೆಯೋ ಇದ್ದೇ ಇರುತ್ತದೆ. ಆ ಗುರುತು ಬಿದ್ದಮೇಲೆ ಹೇಳಿದರೆ ಅವರು ಹಾಕಿಕೊಂಡ ಯೋಜನೆಯನ್ನು ನೀವು ಮುರಿದ ಹಾಗೆ. ಮುಂಚೆ ಹೇಳಿದರೆ ಯೋಜನೆಯನ್ನೇ ಬೇರೆ ಥರ ಹಾಕಿಕೊಳ್ಳಬಹುದು. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಒಂದು ಶನಿವಾರ ಹೋಗಿ.

ಒಬ್ಬರೇ ಹೋಗಿ. ಹೆಂಡತಿ ಜೊತೆಗಿದ್ದರೆ ‘ಅವಳೇ ತಲೆ ಕೆಡಿಸಿದಳು’ ಅನ್ನುವ ಅನುಮಾನಕ್ಕೆ ನೀವೇ ಜಾಗ ಕೊಟ್ಟ ಹಾಗೆ. ತಂಗಿಯ ಕೈಲಿ ಹೇಳಿಸುವುದಂತೂ ಬೇಡವೇ ಬೇಡ. ಚಿಕ್ಕಪ್ಪ ಇಲ್ಲದ ಹೊತ್ತು ನೋಡಿ. ಬೇರೆ ಗಂಡಸರು ಎದುರಿಗಿದ್ದರೆ ಅಮ್ಮ ತನ್ನ ಮಾತು ಆಡುವುದಿಲ್ಲ, ಮನೆತನದ ಮಾತು ಆಡುತ್ತಾರೆ.

ಏನು ಹೇಳುವುದು? ಚಿಕ್ಕದಾಗಿ ಹೇಳಿ. ಹೀಗೆ ಹೇಳಬಹುದು:

‘ಅಮ್ಮಾ, ಒಂದು ವಿಷಯ ಹೇಳಬೇಕು. ಅಪ್ಪನ ತಿಥಿಗೆ ಕೂತಾಗ ನನಗೆ ಅದರಲ್ಲಿ ಶ್ರದ್ಧೆ ಬರ್ತಿಲ್ಲ. ತುಂಬಾ ವರ್ಷದಿಂದ ಇಲ್ಲ. ಬಾಯಲ್ಲಿ ಹೇಳ್ತೀನಿ, ಮನಸ್ಸಲ್ಲಿ ಇಲ್ಲ. ಅಪ್ಪನ ಕೆಲಸದಲ್ಲಿ ಹಾಗೆ ಮಾಡೋಕೆ ನನಗೆ ಇಷ್ಟ ಇಲ್ಲ. ಮುಂದಿನ ವರ್ಷದಿಂದ ನಾನು ಕೂರಲ್ಲ. ತಿಥಿ ನಿಲ್ಲಿಸು ಅಂತ ನಾನು ಹೇಳ್ತಿಲ್ಲ. ತಮ್ಮನ ಹತ್ರ ಮಾತಾಡಿದೀನಿ, ಅವನು ಬಂದು ಕೂರ್ತೀನಿ ಅಂದಿದಾನೆ. ಆ ದಿನ ನಾನೂ ಇಲ್ಲೇ ಇರ್ತೀನಿ.’

ಇದರಲ್ಲಿ ‘ಶ್ರದ್ಧೆ’ ಅನ್ನುವ ಮಾತನ್ನು ನಾನು ಬೇಕಂತಲೇ ಇಟ್ಟಿದ್ದೇನೆ. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ. ಈ ವಿವರಣೆ ನಿಮ್ಮ ಪುರೋಹಿತರ ಬಾಯಲ್ಲೂ ಬಂದಿರುತ್ತದೆ, ಅಮ್ಮನಿಗೂ ಗೊತ್ತಿರುತ್ತದೆ. ‘ಇದೆಲ್ಲ ಮೂಢನಂಬಿಕೆ’ ಅಂದರೆ ನೀವು ಅವರ ಐವತ್ತು ವರ್ಷದ ಬದುಕಿಗೆ ತೀರ್ಪು ಕೊಟ್ಟಂತೆ. ‘ನನಗೆ ಶ್ರದ್ಧೆ ಇಲ್ಲ’ ಅಂದರೆ ನಿಮ್ಮ ಬಗ್ಗೆ ನಿಜ ಹೇಳಿದಂತೆ. ಎರಡೂ ಒಂದೇ ಸಂಗತಿಯಾದರೂ ಎರಡನೆಯದು ಅವರ ಭಾಷೆಯಲ್ಲಿದೆ. ಆಮೇಲೆ ಕಾಗೆಯ ವಿಷಯ, ವಿಜ್ಞಾನದ ವಿಷಯ ಎತ್ತಬೇಡಿ. ಅವರೇ ಕೆಣಕಿದರೂ ಎತ್ತಬೇಡಿ. ವಾದದಲ್ಲಿ ನೀವು ಗೆಲ್ಲುತ್ತೀರಿ. ಗೆದ್ದಮೇಲೆ ಏನು ಮಾಡುತ್ತೀರಿ?

ಅವರು ತಕ್ಷಣ ಏನೂ ಹೇಳದೆ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯಲು ಶುರು ಮಾಡಬಹುದು. ಹೋಗಲಿ ಬಿಡಿ. ಹಿಂದೆಯೇ ಹೋಗಿ ‘ಏನಾದ್ರೂ ಹೇಳಮ್ಮ’ ಅಂತ ಪೀಡಿಸಬೇಡಿ. ಆ ರಾತ್ರಿ ಅಲ್ಲೇ ಉಳಿಯಿರಿ. ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಮಾತು ಬರುತ್ತದೆ.

ಬರುವ ಮಾತು ಹೆಚ್ಚುಕಡಿಮೆ ಮೂರೇ. ಒಂದು, ‘ಮನೆಗೆ ಏನಾದ್ರೂ ಆದ್ರೆ? ಮಗುವಿಗೆ ಹುಷಾರು ತಪ್ಪಿದ್ರೆ?’ ಇದು ಪಿತೃಶಾಪದ ಹೆದರಿಕೆ. ಹೆದರಿಕೆಗೆ ತರ್ಕ ಔಷಧ ಅಲ್ಲ. ತಿಥಿ ನಿಲ್ಲುತ್ತಿಲ್ಲ, ಕೈ ಬದಲಾಗುತ್ತಿದೆ ಅಷ್ಟೇ ಅನ್ನುವುದನ್ನೇ ಮತ್ತೆ ಹೇಳಿ. ಹೆದರಿಕೆ ಇಳಿಯುವುದು ಅದರಿಂದ. ತಮ್ಮನ ಜೊತೆ ಮೊದಲು ಮಾತಾಡಿ ಅಂದಿದ್ದು ಇದಕ್ಕೂ ಸೇರಿ.

ಇನ್ನೊಂದು, ‘ಚಿಕ್ಕಪ್ಪನಿಗೆ ಏನು ಹೇಳ್ಲಿ? ಕೇಳಿದವರಿಗೆ ಏನು ಹೇಳ್ಲಿ?’ ಇದನ್ನು ಹಗುರ ಮಾಡಬೇಡಿ, ‘ಜನ ಏನಾದ್ರೂ ಅಂದ್ಕೊಳ್ಲಿ ಬಿಡಮ್ಮ’ ಅನ್ನಬೇಡಿ. ನೀವು ಬೆಂಗಳೂರಿನಲ್ಲಿ ಇರುತ್ತೀರಿ, ಆ ಬೀದಿಯಲ್ಲಿ ಇರುವವರು ಅವರು. ನನ್ನಮ್ಮನಿಗೆ ಕಾಮಾಲೆ ಹೊಳೆದಿದ್ದು ಇಲ್ಲೇ. ಚಿಕ್ಕಪ್ಪನಿಗೆ ನಾನೇ ಹೇಳುತ್ತೇನೆ ಅನ್ನಿ, ಅವತ್ತೇ ಹೋಗಿ ಹೇಳಿ. ಅವರಿಗೆ ನಂಬಿಕೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ‘ಚಿಕ್ಕಪ್ಪ, ಮುಂದಿನ ವರ್ಷದಿಂದ ತಮ್ಮ ಕೂರುತ್ತಾನೆ. ಅಮ್ಮನ ಹತ್ತಿರ ಮಾತಾಡಿದ್ದೀನಿ. ಇದು ನನ್ನ ತೀರ್ಮಾನ, ಏನು ಬೈಯೋದಿದ್ದರೂ ನನಗೇ ಬೈಯಿರಿ’ ಅಂದರೆ ಸಾಕು. ಬೈಯುತ್ತಾರೆ. ತಲೆ ತಗ್ಗಿಸಿ ಕೇಳಿಸಿಕೊಳ್ಳಿ. ಪುರೋಹಿತರಿಗೂ ನೀವೇ ಹೇಳಿ. ಅವರು ಇಂಥದ್ದನ್ನು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ನೋಡಿರುತ್ತಾರೆ. ಉಳಿದ ನೆಂಟರಿಗೆ ಅಮ್ಮ ಹೇಳಲು ‘ಈಗ ಚಿಕ್ಕವನು ಮಾಡ್ತಿದಾನೆ’ ಅನ್ನುವ ಒಂದು ವಾಕ್ಯ ಇದೆ. ಅದು ನಿಜವೂ ಹೌದು, ಪೂರ್ತಿ ಕಥೆಯೂ ಅಲ್ಲ. ಆ ವಾಕ್ಯವನ್ನು ನೀವಿಬ್ಬರೂ ಕೂತು ಒಪ್ಪಿಕೊಳ್ಳಿ.

ಮೂರನೆಯದು ಬಾಯಿಗೆ ಬರಲು ತಿಂಗಳೇ ಆಗಬಹುದು. ಬಾರದೆಯೂ ಇರಬಹುದು. ‘ನಾನು ಹೋದ ಮೇಲೆ?’ ಅನ್ನುವುದು. ನನ್ನ ಅನುಭವದಲ್ಲಿ ಉಳಿದ ಎರಡಕ್ಕಿಂತ ಆಳದಲ್ಲಿರುವುದು ಇದೇ. ಅಪ್ಪನ ತಿಥಿಗೆ ಕೂರಲ್ಲ ಅಂದರೆ ನನಗೂ ಮಾಡಲ್ಲ ಅಂತ ಅಮ್ಮ ಕೇಳಿಸಿಕೊಳ್ಳುತ್ತಾರೆ. ನೀವು ಅಪ್ಪನ ಮಾತಾಡುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಅವರು ತಮ್ಮ ಸಾವಿನ ಮಾತು ಕೇಳುತ್ತಿರುತ್ತಾರೆ.

ಹಾಸನಕ್ಕೆ ಹೋಗುವ ಮುಂಚೆಯೇ ಇದಕ್ಕೆ ನಿಮ್ಮ ಉತ್ತರ ಏನು ಅಂತ ತೀರ್ಮಾನ ಮಾಡಿಕೊಳ್ಳಿ. ಆ ಕ್ಷಣದಲ್ಲಿ ಕಣ್ಣೀರು ನೋಡಿ ಏನೋ ಒಂದು ಮಾತು ಕೊಟ್ಟುಬಿಡುವುದು ಒಳ್ಳೆಯದಲ್ಲ. ನನ್ನ ಅಭಿಪ್ರಾಯ ಕೇಳಿದರೆ, ವರ್ಷ ವರ್ಷದ ತಿಥಿ ಬೇರೆ, ಸತ್ತವರ ಹದಿಮೂರು ದಿನದ ಕಾರ್ಯ ಬೇರೆ. ಕಾರ್ಯ ಒಂದೇ ಸಲ ಬರುವುದು. ಅದೂ ಬದುಕಿದ್ದಾಗಲೇ ಒಬ್ಬರು ಬಾಯಿಬಿಟ್ಟು ಕೇಳಿಕೊಂಡಿದ್ದು. ಅದನ್ನು ನಾನು ನಂಬಿಕೆಯ ಪ್ರಶ್ನೆ ಅಂತ ನೋಡುವುದಿಲ್ಲ, ಕೊನೆಯ ಆಸೆ ಅಂತ ನೋಡುತ್ತೇನೆ. ನಾನು ನನ್ನಮ್ಮನಿಗೆ ಹದಿಮೂರು ದಿನವೂ ಮಾಡಿದೆ, ಅವಳು ಕೇಳಿದ್ದಳು ಅಂತ. ವರ್ಷದ ತಿಥಿ ಮಾಡುತ್ತಿಲ್ಲ. ನಿಮಗೆ ಅದೂ ಆಗದಿದ್ದರೆ ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಒಮ್ಮೆ ಅಮ್ಮನನ್ನು ಕೇಳಿ, ‘ನಿನಗೆ ಏನು ಬೇಕು?’ ಅಂತ. ಮಕ್ಕಳು ಈ ಪ್ರಶ್ನೆ ಕೇಳುವುದೇ ಇಲ್ಲ. ಅವರು ‘ತಮ್ಮ ಮಾಡಿದ್ರೆ ಸಾಕಪ್ಪ’ ಅನ್ನಬಹುದು. ‘ನೀನು ಹತ್ರ ಇದ್ರೆ ಸಾಕು’ ಅನ್ನಬಹುದು.

ಇದೇ ಮಾತಿನಲ್ಲಿ ಪಕ್ಷಮಾಸದ್ದನ್ನೂ ಮುಗಿಸಿಬಿಡಿ. ಕಾರ್ತಿಕಕ್ಕಿಂತ ಮುಂಚೆ ಭಾದ್ರಪದ ಬಹುಳದ ಹದಿನೈದು ದಿನ ಬರುತ್ತದೆ, ಮಹಾಲಯ ಅಮಾವಾಸ್ಯೆ ಬರುತ್ತದೆ. ಅದರ ಮಾತೇ ಎತ್ತದಿದ್ದರೆ ಆಗ ಅಮ್ಮ ಫೋನ್ ಮಾಡಿ ‘ಪಕ್ಷಕ್ಕೆ ಬರ್ತೀಯಲ್ಲ?’ ಅಂತ ಆಸೆಯಿಂದ ಕೇಳುತ್ತಾರೆ. ಒಂದೇ ನೋವನ್ನು ಎರಡು ಸಲ ಕೊಟ್ಟಂತೆ ಆಗುತ್ತದೆ.

(ಈ ಅಂಕಣ ಓದುವ ಎಲ್ಲರ ಮನೆಯಲ್ಲೂ ಇದೇ ಕ್ರಮ ಇಲ್ಲ ಅಂತ ಗೊತ್ತು. ಹಿರಿಯರ ಹಬ್ಬಕ್ಕೆ ಎಡೆ ಇಡುವ ಮನೆಗಳಲ್ಲಿ ಕಲಶ ಇಟ್ಟು, ಹೊಸಬಟ್ಟೆ ಇಟ್ಟು, ಹೋದವರಿಗೆ ಇಷ್ಟವಾದ ಅಡುಗೆ ಬಡಿಸುತ್ತಾರೆ. ಮಾಂಸದ ಅಡುಗೆಯೂ ಇರುತ್ತದೆ. ಅಲ್ಲಿ ಮಂತ್ರ ಹೇಳಬೇಕಾದ ಕರ್ತೃ ಅಂತ ಇಲ್ಲದೆ ಇರುವುದರಿಂದ ನಂಬದವರಿಗೂ ಜಾಗ ಜಾಸ್ತಿ. ಧೂಪ ಹಾಕುವ ಕೈ ಇನ್ನೊಬ್ಬರದಾದರೆ ಎಷ್ಟೋ ಸಲ ಮಾತೇ ಬೇಕಾಗುವುದಿಲ್ಲ.)

ಹೇಳಬಾರದ ಹೊತ್ತೂ ಇದೆ. ಸಾವಾದ ಮೊದಲ ವರ್ಷ, ಮಾಸಿಕಗಳು ನಡೆಯುತ್ತಿರುವಾಗ ಬೇಡ. ಅಮ್ಮ ಆಪರೇಷನ್ ಆಗಿ ಮಲಗಿದ್ದರೆ ಬೇಡ. ಆಸ್ತಿ ಪಾಲಿನ ಮಾತು ನಡೆಯುತ್ತಿದ್ದರಂತೂ ಖಂಡಿತ ಬೇಡ. ‘ಅಪ್ಪನ ಮನೆ ಬೇಕು, ಅಪ್ಪನಿಗೆ ಪಿಂಡ ಬೇಡ’ ಅನ್ನುವ ಮಾತು ಒಂದು ಸಲ ಹುಟ್ಟಿದರೆ ಅದು ಸಾಯುವುದಿಲ್ಲ. ಇಂಥ ಹೊತ್ತಲ್ಲಿ ಇನ್ನೊಂದು ವರ್ಷ ಸುಮ್ನೆ ಕೂತು ಮುಗಿಸುವುದರಿಂದ ನಿಮ್ಮ ಮರ್ಯಾದೆಗೇನೂ ಕುಂದಿಲ್ಲ.

ಇನ್ನು ಮುಂದಿನ ವರ್ಷದ ಆ ದಿನ. ಎಲ್ಲಕ್ಕಿಂತ ಹೆಚ್ಚು ನಿಮ್ಮನ್ನು ಅಳೆಯುವುದು ಅವತ್ತು. ಹಿಂದಿನ ದಿನವೇ ಹಾಸನಕ್ಕೆ ಹೋಗಿ. ಮಡಿ ಅಡುಗೆಮನೆಗೆ ಕಾಲಿಡಬೇಡಿ. ನಿಮ್ಮ ಕೆಲಸ ಹೊರಗಿದೆ. ಬಾಳೆ ಎಲೆ ತರುವುದು, ನಡುಮನೆ ಖಾಲಿ ಮಾಡುವುದು, ಬ್ರಾಹ್ಮಣಾರ್ಥಕ್ಕೆ ಬಂದವರನ್ನು ಕರೆತಂದು ಬಿಡುವುದು, ದಕ್ಷಿಣೆ, ತಾಂಬೂಲ ಜೋಡಿಸಿ ಇಡುವುದು. ಮಾಡಿದವರಿಗೇ ಗೊತ್ತು ಎಷ್ಟು ಓಡಾಟ ಅಂತ. ತಮ್ಮ ಕೂತಿರುವಾಗ ಫೋನ್ ಹಿಡಿದು ವರಾಂಡದಲ್ಲಿ ನಿಲ್ಲಬೇಡಿ. ಮುಖದ ಮೇಲೆ ನಗೆಯೂ ಬೇಡ, ಬೇಸರವೂ ಬೇಡ. ಅವನು ಹಸಿದಿರುವಷ್ಟು ಹೊತ್ತು ನೀವೂ ತಿನ್ನದೆ ಇರಿ. ಇದು ನಂಬಿಕೆಯ ಉಪವಾಸ ಅಲ್ಲ, ಜೊತೆಗಿರುವ ಉಪವಾಸ. ಪೂಜೆಯೆಲ್ಲಾ ಮುಗಿದು ಮನೆಯವರ ಊಟದ ಹೊತ್ತಿಗೆ ಅಮ್ಮನ ಪಕ್ಕ ಕೂತು, ಅಪ್ಪನ ಒಂದು ಮಾತು ತೆಗೆಯಿರಿ. ಗದರುತ್ತಿದ್ದರು ಅಂತಲೋ, ಬೈಕ್ ಕಲಿಸಿದರು ಅಂತಲೋ, ಯಾವುದಾದರೂ ಸರಿ. ಅವರ ಹೆಸರು ಹಿಡಿದು ಹೇಳಿ. ಆ ಮನೆಯಲ್ಲಿ ವರ್ಷಕ್ಕೊಮ್ಮೆ ನಿಮ್ಮ ದನಿಯಲ್ಲಿ ಕೇಳುತ್ತಿದ್ದ ಹೆಸರು ಪೂರ್ತಿ ನಿಲ್ಲದ ಹಾಗೆ ನೋಡಿಕೊಳ್ಳಿ.

ಮೊದಲ ವರ್ಷ ಅಮ್ಮ ನಿಮ್ಮ ಜೊತೆ ಅಷ್ಟಾಗಿ ಮಾತಾಡದೆ ಇರಬಹುದು. ಅದಕ್ಕೆ ಹೆದರಬೇಡಿ. ಮುನಿಸು ನಿಮ್ಮ ಎದುರಿಗೇ ಇದ್ದರೆ, ಬಡಿಸುವಾಗ ಪಾತ್ರೆ ಕುಕ್ಕಿದರೆ, ‘ನೀನು ದೊಡ್ಡವನಾಗಿಬಿಟ್ಟೆ’ ಅಂತ ಚುಚ್ಚಿದರೆ, ಬಾಗಿಲು ತೆರೆದಿದೆ ಅಂತಲೇ ಅರ್ಥ. ಯೋಚನೆ ಮಾಡಬೇಕಾದ ಗುರುತು ಬೇರೆ. ತಿಥಿ ಯಾವತ್ತು ಅಂತ ನಿಮಗೆ ಹೇಳುವುದನ್ನೇ ಬಿಟ್ಟರೆ, ನಿಮಗೆ ತಿಳಿಸಬೇಕಾದ್ದನ್ನು ತಂಗಿಯ ಕೈಲಿ ತಿಳಿಸಲು ಶುರು ಮಾಡಿದರೆ, ಆಗ ಮತ್ತೆ ಒಂದು ಶನಿವಾರ ಒಬ್ಬರೇ ಹೋಗಬೇಕು. ವಿಷಯ ಎತ್ತಲು ಅಲ್ಲ, ಸುಮ್ನೆ ಎರಡು ದಿನ ಇದ್ದು ಬರಲು.

ಅದಕ್ಕೂ ಮುಂಚೆ ಅವರಿಗೆ ಹೇಳುವ ಕಷ್ಟವನ್ನೇ ತಪ್ಪಿಸಬಹುದು. ಯುಗಾದಿ ಆಗಿ ಹೊಸ ಪಂಚಾಂಗ ಬಂದ ವಾರ ನೀವೇ ಫೋನ್ ಮಾಡಿ ‘ಅಮ್ಮಾ, ಈ ಸಲ ಅಪ್ಪನ ತಿಥಿ ಯಾವತ್ತು ಬಿದ್ದಿದೆ?’ ಅಂತ ಕೇಳಿ. ಅವರು ಕನ್ನಡಕ ಹುಡುಕಿ, ಪುಟ ತಿರುವಿ, ತಾರೀಖು ಹೇಳುವವರೆಗೂ ಕಾಯಿರಿ. ಆಮೇಲೆ ಆ ದಿನಕ್ಕೆ ರಜೆ ಹಾಕಿ.